ಎರಡು ಸೆಕೆಂಡುಗಳ ಕುರುಡುತನ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ದೂರವನ್ನು ಕ್ರಮಿಸುತ್ತದೆ. ಚಾಲಕನು ದಾರಿ ತೋರುವ ಪರದೆಯತ್ತ ಎರಡು ಸೆಕೆಂಡು ನೋಡಿದನೆನ್ನೋಣ. ಅಷ್ಟರಲ್ಲಿ ಕಾರು 33 ಮೀಟರ್ ಮುಂದೆ ಹೋಗಿರುತ್ತದೆ. ಅಷ್ಟು ದೂರವನ್ನು ಅವನು ಕುರುಡನಂತೆಯೇ ಕಳೆದಿರುತ್ತಾನೆ. ಫೋನಿನ ಅಪಾಯವನ್ನು ಎಲ್ಲರೂ ಬಲ್ಲರು. ಆದರೆ ಪಕ್ಕದ ಪ್ರಯಾಣಿಕ, ಸಂಗೀತ, ತಿಂಡಿ, ಪರದೆ ಇವೂ ಚಾಲಕನ ಗಮನವನ್ನು ಕದಿಯಬಲ್ಲವು ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ.

ಬ್ರಿಟನ್ನಿನಲ್ಲಿ ಹಾಗೆ ಮರೆಯಲು ಎಡೆಯಿಲ್ಲ. ಅಲ್ಲಿನ ರಸ್ತೆ ನಿಯಮಗಳ ಕೈಪಿಡಿಯಾದ ‘ಹೈವೇ ಕೋಡ್’ 148ನೆಯ ನಿಯಮದಲ್ಲಿ ಗಟ್ಟಿಯಾದ ಸಂಗೀತ, ನಕ್ಷೆ ಓದುವುದು, ಪ್ರಯಾಣಿಕರೊಡನೆ ವಾದ, ತಿನ್ನುವುದು, ಕುಡಿಯುವುದು ಮುಂತಾದವುಗಳನ್ನು ಹೆಸರಿಸಿ ಎಚ್ಚರಿಸುತ್ತದೆ. ಕಾರು ಓಡಿಸಲು ಪರವಾನಗಿ ಬೇಡುವವನು ಮೊದಲು 50 ಪ್ರಶ್ನೆಗಳ ಪರೀಕ್ಷೆಯೊಂದರಲ್ಲಿ ಕನಿಷ್ಠ 43ಕ್ಕೆ ಸರಿಯುತ್ತರ ಕೊಡಬೇಕು. ಗಮನಭಂಗದ ವಿಷಯವೂ ಈ ಪರೀಕ್ಷೆಯ ವ್ಯಾಪ್ತಿಗೆ ಸೇರಿದೆ.

ಇಂಥ ಪ್ರಶ್ನೆಯ ಹದವನ್ನು ತಿಳಿಯಲು ನಾವೇ ಒಂದನ್ನು ರಚಿಸಿ ನೋಡೋಣ. ನೀವು ಅಪರಿಚಿತ ಊರಿನಲ್ಲಿ ಕಾರು ಓಡಿಸುತ್ತಿದ್ದೀರಿ. ಪರದೆ ಸೂಚಿಸಿದ ಎಡತಿರುವು ತಪ್ಪಿಹೋಯಿತು. ಈಗೇನು ಮಾಡುವಿರಿ? ಒಂದು: ಕೂಡಲೇ ನಿಲ್ಲಿಸಿ ಹಿಂದಕ್ಕೆ ಬರುವುದು. ಎರಡು: ವೇಗ ತಗ್ಗಿಸಿ, ಓಡಿಸುತ್ತಲೇ ಪರದೆಯಲ್ಲಿ ಬೇರೆ ದಾರಿ ಹುಡುಕುವುದು. ಮೂರು: ಪರದೆಯನ್ನು ಸರಿಪಡಿಸುವಾಗ ಪಕ್ಕದವರಿಗೆ ಚಕ್ರ ಹಿಡಿಯಲು ಹೇಳುವುದು. ನಾಲ್ಕು: ಮುಂದೆ ಸಾಗಿ, ಸುರಕ್ಷಿತವಾದ ಸ್ಥಳದಲ್ಲಿ ನಿಲ್ಲಿಸಿ ನೋಡುವುದು.

ಒಂದನೆಯ ಮತ್ತು ಮೂರನೆಯ ಉತ್ತರಗಳ ದೋಷ ಮೇಲ್ನೋಟಕ್ಕೇ ಕಾಣುತ್ತದೆ. ಬಲೆಯಿರುವುದು ಎರಡನೆಯದರಲ್ಲಿ. ‘ವೇಗ ತಗ್ಗಿಸಿ’ ಎಂಬ ಮಾತು ಎಚ್ಚರಿಕೆಯಂತೆ ಕೇಳಿಸುತ್ತದೆ. ಆದರೆ ವೇಗವನ್ನು 30 ಕಿಲೋಮೀಟರಿಗೆ ಇಳಿಸಿದರೂ ಎರಡು ಸೆಕೆಂಡಿನಲ್ಲಿ ಕಾರು ಸುಮಾರು 17 ಮೀಟರ್ ಮುಂದೆ ಸಾಗುತ್ತದೆ. ಅದೂ ಅಲ್ಲದೆ ಹೊಸ ದಾರಿ ಹುಡುಕುವುದು ಒಂದೇ ನೋಟದಲ್ಲಿ ಮುಗಿಯುವ ಕೆಲಸವಲ್ಲ. ಅಪಾಯವನ್ನು ಕಡಿಮೆ ಮಾಡಿದಂತೆ ತೋರುವ ಉತ್ತರಕ್ಕೂ ಅದರ ಮೂಲವನ್ನೇ ತೆಗೆಯುವ ಉತ್ತರಕ್ಕೂ ಇರುವ ಅಂತರವನ್ನು ಪ್ರಶ್ನೆಯು ಪರೀಕ್ಷಿಸುತ್ತದೆ. ಆದಕಾರಣ ನಾಲ್ಕನೆಯದೇ ಸರಿ.

ಉಳಿದ ಗಮನಭಂಗಗಳಿಗೂ ಇದೇ ಅಳತೆಗೋಲು ಒಪ್ಪುತ್ತದೆ. ಆದರೆ ಒಂದೊಂದೂ ಕದಿಯುವ ವಸ್ತು ಬೇರೆ. ಪರದೆಯು ಕಣ್ಣನ್ನು ಸೆಳೆಯುತ್ತದೆ. ತಿಂಡಿಯು ಕೈಯನ್ನು ಹಿಡಿಯುತ್ತದೆ. ಅದು ಜಾರಿ ತೊಡೆಯ ಮೇಲೆ ಬಿದ್ದರೆ ಕಣ್ಣೂ ಅದರ ಹಿಂದೆ ಹೋಗುತ್ತದೆ. ಗಟ್ಟಿಯಾದ ಸಂಗೀತವು ಕಿವಿಯನ್ನು ತುಂಬಿ, ಆಂಬುಲೆನ್ಸಿನ ಕೂಗನ್ನು ಮುಚ್ಚಿಬಿಡಬಹುದು.

ಪ್ರಯಾಣಿಕರ ವಿಷಯ ಇವುಗಳಿಗಿಂತ ಸೂಕ್ಷ್ಮವಾದುದು. ಪಕ್ಕದಲ್ಲಿ ಕುಳಿತ ಹಿರಿಯನು ತಾನೂ ರಸ್ತೆಯನ್ನು ಕಾಣುತ್ತಿರುವುದರಿಂದ, ತೊಡಕಿನ ಜಾಗ ಬಂದಾಗ ಮಾತು ನಿಲ್ಲಿಸಬಲ್ಲನು. ಅಪಾಯವನ್ನು ತೋರಿಸಿಕೊಡಲೂ ಬಲ್ಲನು. ಹಿಂದಿನ ಆಸನದಲ್ಲಿ ಜಗಳವಾಡುವ ಮಕ್ಕಳಿಗಾಗಲಿ, ಚಾಲಕನೊಡನೆ ವಾದಕ್ಕಿಳಿದವನಿಗಾಗಲಿ ಆ ಪರಿವೆ ಇರುವುದಿಲ್ಲ. ವಾದದ ಬಿಸಿಯಲ್ಲಿ ಚಾಲಕನ ಕಣ್ಣು ರಸ್ತೆಯ ಮೇಲೆ, ಕೈ ಚಕ್ರದ ಮೇಲೆ ಇದ್ದರೂ ಮನಸ್ಸು ಬೇರೆಡೆ ಇರುತ್ತದೆ. ಎದುರಿಗೆ ಬಂದ ಸೈಕಲ್ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಮುಟ್ಟದೆ ಹೋಗಬಹುದು. ‘ಕಣ್ಣು ರಸ್ತೆಯಲ್ಲಿದ್ದರೆ ಸಾಕು’ ಎಂಬ ಉತ್ತರವು ತಪ್ಪಾಗುವುದು ಈ ಕಾರಣದಿಂದಲೇ.

ಹಾಗಾದರೆ ಸರಿಯುತ್ತರ ಬರೆದವನು ರಸ್ತೆಯಲ್ಲಿಯೂ ಹಾಗೆಯೇ ನಡೆಯುವನೆ? ಕಾಗದದ ಪ್ರಶ್ನೆಗಾಗಲಿ ಗಣಕಯಂತ್ರದ ಪ್ರಶ್ನೆಗಾಗಲಿ ಇದನ್ನು ಹೇಳುವ ಶಕ್ತಿಯಿಲ್ಲ. ಅದು ಅಳೆಯುವುದು ತಿಳಿವನ್ನು ಮಾತ್ರ, ಅಭ್ಯಾಸವನ್ನಲ್ಲ. ಈ ಕೊರತೆಯನ್ನು ತುಸುಮಟ್ಟಿಗೆ ತುಂಬುವಂತೆ, ಇಂಗ್ಲೆಂಡಿನಲ್ಲಿ 2017ರ ಡಿಸೆಂಬರಿನಿಂದ ರಸ್ತೆಯ ಮೇಲಿನ ಪರೀಕ್ಷೆಗೇ ಪರದೆಯನ್ನು ತಂದರು. ಅಭ್ಯರ್ಥಿಗಳಲ್ಲಿ ಬಹುಪಾಲು ಮಂದಿ ಪರೀಕ್ಷೆಯ ಒಂದು ಭಾಗದಲ್ಲಿ ಅದರ ಸೂಚನೆಯಂತೆ ಸಾಗಬೇಕು. ಪರದೆಯನ್ನು ಪರೀಕ್ಷಕನೇ ಅಣಿಗೊಳಿಸಿರುತ್ತಾನೆ. ಇಲ್ಲಿ ಒಂದು ಸ್ವಾರಸ್ಯವುಂಟು: ದಾರಿ ತಪ್ಪಿದರೆ ಅದು ದೋಷವೆನಿಸುವುದಿಲ್ಲ, ದಾರಿ ತಪ್ಪಿದ ಗಾಬರಿಯಲ್ಲಿ ಚಾಲನೆ ತಪ್ಪಿದರೆ ಮಾತ್ರ ದೋಷ. ನಮ್ಮ ಪ್ರಶ್ನೆಯ ನಾಲ್ಕನೆಯ ಉತ್ತರದ ತಿರುಳೂ ಇದೇ ಅಲ್ಲವೆ?

ನಮ್ಮ ದೇಶದ 1988ರ ಮೋಟಾರು ವಾಹನಗಳ ಅಧಿನಿಯಮದ 125ನೆಯ ಪ್ರಕರಣವೂ ಚಾಲಕನ ಹಿಡಿತಕ್ಕೆ ಅಡ್ಡಿಯಾಗುವಂತೆ ಯಾರನ್ನೂ ಕೂರಿಸಬಾರದು, ಏನನ್ನೂ ಇರಿಸಬಾರದು ಎಂದು ವಿಧಿಸುತ್ತದೆ. ಅಡ್ಡ ಕುಳಿತವನನ್ನು ಪೊಲೀಸನು ಕಂಡಾನು. ಮನಸ್ಸಿಗೆ ಅಡ್ಡವಾದ ವಾದವನ್ನು ಕಾಣುವವನು ಚಾಲಕನೊಬ್ಬನೇ. ಆದುದರಿಂದ ಹೊರಡುವ ಮುನ್ನವೇ ದಾರಿಯನ್ನು ಗೊತ್ತುಮಾಡಿ, ಸಂಗೀತವನ್ನು ತಗ್ಗಿಸಿ, ತಿಂಡಿಯನ್ನು ಮುಗಿಸಿರುವುದು ಲೇಸು. ಜಗಳವೆದ್ದರೆ ಬಂಡಿ ನಿಂತ ಮೇಲೆ ತೀರಿಸಬಹುದು.