ಕುಂಡಕ್ಕೆ ಹೊಲದ ಹದ ಬೇಡ

ಮುಂಡಗೋಡದ ಟಿಬೆಟನ್ ಕಾಲೊನಿಯ ಪರಿಚಯದ ಅಜ್ಜಿಯೊಬ್ಬರು ಮನೆ ಮುಂದೆ ಡಬ್ಬ, ಕುಂಡಗಳಲ್ಲಿ ಹೂವು ಬೆಳೆಸ್ತಾರೆ. ಹೋದ ವರ್ಷ ಅವರಿಗೆ ನಾನೇ ಕೊಳೆಸಿದ ಸಗಣಿ ನೀರು ಕೊಟ್ಟೆ. ಗೋವಿನಜೋಳಕ್ಕೆ ಬಿಡುವ ಹದದಲ್ಲೇ ಕೊಟ್ಟದ್ದು ನನ್ನ ತಪ್ಪು. ನಾಲ್ಕೇ ದಿನಕ್ಕೆ ಎಲೆಯ ತುದಿ, ಅಂಚು ಸುಟ್ಟು ಕಂದಾದವು. ಹೊಲದಲ್ಲಾದರೆ ಬೇರು ಆಚೀಚೆ ಸರಿದೀತು, ಕುಂಡದ ಬೇರು ಎಲ್ಲಿಗೆ ಹೋಗಬೇಕು?

ತಳದ ತೂತು ಬಿಡಿಸಿ, ಬರೀ ನೀರನ್ನು ಧಾರಾಳ ಸುರಿದು ಕೆಳಗೆ ಹರಿಯಬಿಟ್ಟೆವು. ಎರಡು ಗಿಡ ಹೋದವು, ಉಳಿದವು ಚಿಗುರಿದವು.

ಈಗ 1 ಕಿಲೊ ಹಸಿ ಸಗಣಿಯನ್ನು 10 ಲೀಟರ್ ನೀರಲ್ಲಿ ಕದಡಿ, ಬಾಯಿಗೆ ಬಟ್ಟೆ ಕಟ್ಟಿ ನೆರಳಲ್ಲಿಡುತ್ತೇನೆ. ದಿನಾ ತಿರುವಬೇಕು. ಬಿಗಿಯಾಗಿ ಮುಚ್ಚಿದರೆ ಗ್ಯಾಸ್ ಕಟ್ಟಿ ಡಬ್ಬ ಒಡೆದೀತು. ವಾರ ಕಳೆದ ಮೇಲೆ ಸೋಸಿ, ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿದರೆ ತಿಳಿ ಚಹಾದ ಬಣ್ಣ ಬರುತ್ತೆ. ಮಣ್ಣು ಒದ್ದೆಯಿದ್ದಾಗ, ಹದಿನೈದು ದಿನಕ್ಕೊಮ್ಮೆ ಹಾಕಿದರೆ ಸಾಕು.

ಹುಳಿ ಮಜ್ಜಿಗೆಯನ್ನೂ ಹೀಗೇ ತೆಳುಮಾಡಬೇಕು, ಆದರೆ ಉಪ್ಪು ಹಾಕಿದ್ದು ಬೇಡವೇ ಬೇಡ. ಅಜ್ಜಿ ಉಳಿದ ಬೆಣ್ಣೆ ಚಹಾ ಕೂಡ ಕುಂಡಕ್ಕೇ ಸುರೀತಿದ್ದರು. ಅದರಲ್ಲೂ ಉಪ್ಪಿದೆ ಅಂದಾಗ ನಕ್ಕುಬಿಟ್ಟರು. ಹಸಿಯಾಗಿ ತಿನ್ನುವ ಕೊತ್ತಂಬರಿ ಕುಂಡಕ್ಕೆ ಮಾತ್ರ ನಾನು ಸಗಣಿ ನೀರು ಮುಟ್ಟಿಸೋದಿಲ್ಲ. ಅದರ ರೋಗಾಣು ಹೊಟ್ಟೆ ಕೆಡಿಸುತ್ತೆ.