ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ?

ಮಹಿಳೆಯರ ರಕ್ತಹೀನತೆಯ ಬಗ್ಗೆ ಪ್ರಬಂಧ ಬರೆಯಿರಿ ಎಂದರೆ ಸಾರ್ವಜನಿಕ ಆರೋಗ್ಯ ಓದುವ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಒಂದೇ ದಾರಿ ಹಿಡಿಯುತ್ತಾರೆ. ಬಡತನ, ಬಾಲ್ಯವಿವಾಹ, ಜಂತುಹುಳು, ಎಲ್ಲರದೂ ಆದಮೇಲೆ ಉಳಿದದ್ದನ್ನು ಉಣ್ಣುವ ಹೆಣ್ಣುಮಕ್ಕಳು, ಸಿಬ್ಬಂದಿಯಿಲ್ಲದ ಆಸ್ಪತ್ರೆಗಳು ಎಂದು ಪುಟ ತುಂಬುತ್ತದೆ. ಕೊನೆಯ ಸಾಲಿನಲ್ಲಿ ಸರ್ಕಾರ ಜಾಗೃತಿ ಮೂಡಿಸಬೇಕು ಎಂದಿರುತ್ತದೆ. ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಆದರೂ ಅಂಥ ಪ್ರಬಂಧಕ್ಕೆ ಒಳ್ಳೆಯ ಅಂಕ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಅದನ್ನು ಓದಿದ ತಾಲ್ಲೂಕು ಆರೋಗ್ಯಾಧಿಕಾರಿಗೆ ಇದ್ದ ಹಣವನ್ನು ಮೊದಲು ಯಾವುದಕ್ಕೆ ಹಾಕಬೇಕು ಎಂಬುದು ಗೊತ್ತಾಗುವುದೇ ಇಲ್ಲ.

ಮೌಲ್ಯಮಾಪನಕ್ಕೆ ಕೂತಾಗ ನಾನು ಮೊದಲು ಹುಡುಕುವುದು ಛೇದವನ್ನು, ಅಂದರೆ ಭಿನ್ನರಾಶಿಯ ಕೆಳಗಿನ ಅಂಕಿಯನ್ನು. 'ನಮ್ಮ ಆಸ್ಪತ್ರೆಗೆ ಬಂದ ನೂರು ಮಹಿಳೆಯರಲ್ಲಿ ಎಂಬತ್ತು ಮಂದಿಗೆ ರಕ್ತಹೀನತೆ' ಎಂದು ಒಬ್ಬರು ಬರೆದಿದ್ದಾರೆ ಎನ್ನಿ. ಆಸ್ಪತ್ರೆಗೆ ಬರುವುದು ಸುಸ್ತು, ತಲೆಸುತ್ತು ಇದ್ದವರು, ಇಲ್ಲವೇ ಗರ್ಭಿಣಿಯರು. ಆರೋಗ್ಯವಾಗಿದ್ದು ಹೊಲಕ್ಕೆ ಹೋದವರು ಆ ನೂರರೊಳಗೆ ಇಲ್ಲ. ಈ ಅಂಕಿಯಿಂದ ತಾಲ್ಲೂಕಿನ ಸ್ಥಿತಿ ಹೇಳಲಾಗದು. ಅದಕ್ಕೆ ಮನೆಮನೆಗೆ ಹೋಗಿ, ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಮನೆಗಳನ್ನು ಆರಿಸಿ ಮಾಡಿದ ಸಮೀಕ್ಷೆ ಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂಥದ್ದು. ಅದರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆ 2015-16ರ ಸುತ್ತಿನಲ್ಲಿ ಶೇ 44.8 ಇತ್ತು, 2019-21ರ ಸುತ್ತಿನಲ್ಲಿ ಶೇ 47.8 ಆಯಿತು.

ಈ ಎರಡು ಅಂಕಿ ಸಿಕ್ಕ ಕೂಡಲೇ 'ಎಲ್ಲ ಯೋಜನೆಗಳೂ ಸೋತವು' ಎಂದು ಬರೆದವರ ಅಂಚಿನಲ್ಲಿ ನಾನು ಒಂದು ಪ್ರಶ್ನೆ ಹಾಕುತ್ತೇನೆ: ಅಳೆದದ್ದು ಹೇಗೆ? ಈ ಸಮೀಕ್ಷೆಯಲ್ಲಿ ಬೆರಳ ತುದಿ ಚುಚ್ಚಿ, ಒಂದು ಹನಿ ರಕ್ತವನ್ನು ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಹಾಕುತ್ತಿದ್ದರು. ರಕ್ತ ಸುಲಭವಾಗಿ ಬರಲಿಲ್ಲವೆಂದು ಬೆರಳನ್ನು ಹಿಂಡಿದರೆ ಅಂಗಾಂಶದ ದ್ರವ ಬೆರೆತು ಹಿಮೋಗ್ಲೋಬಿನ್ ಕಡಿಮೆ ತೋರಿಸಬಹುದು. 2016-18ರಲ್ಲಿ ಮಕ್ಕಳ ಮೇಲೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣೆ ಸಮೀಕ್ಷೆ ರಕ್ತನಾಳದಿಂದಲೇ ರಕ್ತ ತೆಗೆಯಿತು. ಅದರಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ರಕ್ತಹೀನತೆ ಶೇ 41 ಬಂತು. ಅದಕ್ಕೆ ಹತ್ತಿರದ ಕಾಲದಲ್ಲಿ ಬೆರಳು ಚುಚ್ಚಿದ ಸಮೀಕ್ಷೆ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 58.6 ತೋರಿಸಿತ್ತು. ವಯೋಮಿತಿ ಒಂದೇ ಅಲ್ಲ ನಿಜ, ಆದರೆ ವ್ಯತ್ಯಾಸ ಅಷ್ಟರಿಂದಲೇ ಬಂದದ್ದೆಂದು ಹೇಳುವುದು ಕಷ್ಟ. ಹೀಗಿರುವಾಗ ಮೂರು ಅಂಶದ ಏರಿಕೆಯ ಮೇಲೆ ಇಡೀ ವಾದ ಕಟ್ಟಿದರೆ ನಿಲ್ಲದು. ಸಮಸ್ಯೆ ದೊಡ್ಡದು ಎನ್ನಲು ಅಡ್ಡಿಯಿಲ್ಲ, ಹೆಚ್ಚುತ್ತಿದೆ ಎನ್ನುವಾಗ ಜೋಪಾನವಾಗಿರಬೇಕು. ಈ ಎರಡನ್ನೂ ಬೇರೆಬೇರೆಯಾಗಿ ನೋಡಿದ ಪ್ರಬಂಧವನ್ನು ನಾನು ಮುಂದೆ ಗಮನವಿಟ್ಟು ಓದುತ್ತೇನೆ.

ಇನ್ನು ಪರಿಹಾರದ ತೂಕ. ಇಲ್ಲಿಯೇ ಹೆಚ್ಚು ಪ್ರಬಂಧಗಳು ಕೈಬಿಡುವುದು. ಕಬ್ಬಿಣದ ಮಾತ್ರೆ, ಸಾರವರ್ಧಿತ ಅಕ್ಕಿ, ಜಂತುಹುಳುವಿನ ಮಾತ್ರೆ, ಮೊಟ್ಟೆ, ಶೌಚಾಲಯ ಎಂದು ಎಲ್ಲವನ್ನೂ 'ಬೇಕು' ಎಂದು ಬರೆದುಬಿಡುತ್ತಾರೆ. ಎಲ್ಲವೂ ಬೇಕಾದರೆ ಆಯ್ಕೆಯೇ ಇಲ್ಲ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯನ್ನು ಹಿಡಿದು ಲೆಕ್ಕ ಹಾಕಿದಾಗ ಏನಾಗುತ್ತದೆ ನೋಡೋಣ.

15ರಿಂದ 49 ವಯಸ್ಸಿನ 8,000 ಮಹಿಳೆಯರು ಇದ್ದಾರೆ ಎಂದುಕೊಳ್ಳಿ. ಶೇ 47.8ರಂತೆ ಸುಮಾರು 3,800 ಮಂದಿಗೆ ರಕ್ತಹೀನತೆ. ರಕ್ತಹೀನತೆಯೆಲ್ಲ ಕಬ್ಬಿಣದ ಕೊರತೆಯಿಂದ ಬರುವುದಿಲ್ಲ. ಬಿ12, ಫೋಲೇಟ್ ಕೊರತೆ, ಸೋಂಕು, ಹುಟ್ಟಿನಿಂದ ಬರುವ ರಕ್ತದ ದೋಷಗಳೂ ಕಾರಣ. ಎಚ್.ಡಿ. ಕೋಟೆ, ಚಾಮರಾಜನಗರದ ಕಡೆಯ ಆದಿವಾಸಿ ಹಾಡಿಗಳಲ್ಲಿ ಸಿಕಲ್ ಸೆಲ್ ಕಾಯಿಲೆ ಇರುವುದರಿಂದ ಅಲ್ಲಿ ಈ ಮಾತು ಇನ್ನೂ ಮುಖ್ಯ. ಕಬ್ಬಿಣ ಕೊಟ್ಟರೆ ಸರಿಹೋಗುವವರು ಅರ್ಧ ಎಂದು ಹಿಡಿಯೋಣ: 1,900. ಮಾತ್ರೆ ಕೈಸೇರುವುದು ನೂರರಲ್ಲಿ ಎಪ್ಪತ್ತು ಮಂದಿಗೆ ಎಂದರೆ 1,330. ಅವರಲ್ಲಿ ತಪ್ಪದೆ ನುಂಗುವವರು ಅರ್ಧ ಎಂದರೆ 665. ಅರ್ಧ, ಎಪ್ಪತ್ತು ಎಂಬುವು ನಾನು ಇಟ್ಟುಕೊಂಡ ಊಹೆಗಳು. ಆದರೆ 3,800 ಹೇಗೆ ಕರಗಿ 665 ಆಗುತ್ತದೆ ಎಂಬುದು ಕಾಗದದ ಮೇಲೆ ಬಂದಮೇಲೆ ಪ್ರಬಂಧದ ದಿಕ್ಕೇ ಬದಲಾಗುತ್ತದೆ. ಇನ್ನಷ್ಟು ಮಾತ್ರೆ ಖರೀದಿಸುವುದಕ್ಕಿಂತ, ಕೈಸೇರಿದ ಮಾತ್ರೆ ಹೊಟ್ಟೆ ಸೇರುವಂತೆ ಮಾಡುವುದರಲ್ಲಿ ಹೆಚ್ಚು ಲಾಭವಿದೆ ಎಂದು ಬರೆದವರಿಗೇ ಕಾಣುತ್ತದೆ.

ಆಶಾ ಕಾರ್ಯಕರ್ತೆಯ ಜೊತೆ ಮನೆಗಳಿಗೆ ಹೋದವರಿಗೆ ಇದು ಗೊತ್ತು. 'ಮಾತ್ರೆ ತಗೊಂಡ್ರಾ ಅಕ್ಕಾ?' ಎಂದರೆ 'ಹ್ಞೂಂ' ಎಂಬ ಉತ್ತರ ಬರುತ್ತದೆ. ಅಡುಗೆಮನೆಯ ಗೂಡಿನಲ್ಲಿ ಬೇಳೆಡಬ್ಬಿಯ ಹಿಂದೆ ಮುಟ್ಟದ ಕೆಂಪು ಮಾತ್ರೆಯ ಹಾಳೆಗಳು ಹಾಗೇ ಇರುತ್ತವೆ. ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಕೇಳಿದರೆ ಯಾರೂ ವಿವರಿಸಿ ಹೇಳಿಲ್ಲ. ಕಪ್ಪಾಗುವುದು ಸಹಜ, ರಾತ್ರಿ ಊಟದ ನಂತರ ನುಂಗಿದರೆ ವಾಕರಿಕೆ ಕಡಿಮೆ, ಮಾತ್ರೆಯ ಹಿಂದೆಮುಂದೆ ಚಹಾ ಬೇಡ ಎಂದು ಕೊಡುವಾಗಲೇ ಹೇಳುವುದೂ ಒಂದು ಕ್ರಮ. ಅದಕ್ಕೆ ಖರ್ಚು ತೀರ ಕಡಿಮೆ.

ಈಗ ಅಕ್ಕಿಯನ್ನು ಪಕ್ಕದಲ್ಲಿಟ್ಟು ತೂಗಿ. ಸಾರವರ್ಧಿತ ಅಕ್ಕಿಯಲ್ಲಿ ಕಿಲೋಗೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕೆಂಬ ನಿಯಮವಿದೆ. ದಿನಕ್ಕೆ 300 ಗ್ರಾಂ ಉಣ್ಣುವವರಿಗೆ ವಾರಕ್ಕೆ ಸುಮಾರು 60ರಿಂದ 90 ಮಿಲಿಗ್ರಾಂ ಸಿಗುತ್ತದೆ, ಅಂದರೆ ವಾರಕ್ಕೊಂದು ನುಂಗುವ 60 ಮಿಲಿಗ್ರಾಂ ಮಾತ್ರೆಯಷ್ಟೇ. ಯಾರೂ ನೆನಪಿಸಬೇಕಿಲ್ಲ, ಊಟದೊಳಗೇ ಹೋಗುತ್ತದೆ. ಇಷ್ಟಕ್ಕೇ ನಿಂತರೆ ಅಕ್ಕಿಯೇ ಗೆಲ್ಲುತ್ತದೆ. ಆದರೆ ಅಕ್ಕಿಯಲ್ಲಿ ಬಳಸುವ ಕಬ್ಬಿಣದ ರೂಪ ದೇಹಕ್ಕೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಹಲವು ಪ್ರಯೋಗಗಳನ್ನು ಒಟ್ಟು ಮಾಡಿ 2019ರಲ್ಲಿ ಬಂದ ಕಾಕ್ರೇನ್ ವಿಮರ್ಶೆ, ಸಾರವರ್ಧಿತ ಅಕ್ಕಿಯಿಂದ ರಕ್ತಹೀನತೆಯಲ್ಲಿ ವ್ಯತ್ಯಾಸ ತೀರ ಸ್ವಲ್ಪ ಅಥವಾ ಇಲ್ಲವೇ ಇಲ್ಲ ಎಂಬ ನಿರ್ಣಯಕ್ಕೆ ಬಂತು. ಅದೇ ಸಂಸ್ಥೆಯ ಇನ್ನೊಂದು ವಿಮರ್ಶೆ, ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಬಿಟ್ಟುಬಿಟ್ಟು ಕೊಡುವ ಮಾತ್ರೆಯಿಂದ ರಕ್ತಹೀನತೆಯ ಸಾಧ್ಯತೆ ಸುಮಾರು ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ ಎಂದಿತು. ಅದಕ್ಕೆ ನಮ್ಮ ಊರಿನ ಸಂಗತಿಯನ್ನೂ ಸೇರಿಸಬೇಕು: ಜೋಳದ ರೊಟ್ಟಿ, ರಾಗಿ ಮುದ್ದೆ ಉಣ್ಣುವ ಮನೆಗಳಲ್ಲಿ ಅಕ್ಕಿ ಅಷ್ಟು ಖರ್ಚಾಗುವುದಿಲ್ಲ, ಬಣ್ಣ ಬೇರೆಯಿದ್ದ ಕಾಳನ್ನು ಪ್ಲಾಸ್ಟಿಕ್ ಅಕ್ಕಿ ಎಂದು ಆರಿಸಿ ಬಿಸಾಡುವವರೂ ಇದ್ದಾರೆ.

ಅಕ್ಕಿ ಬೇಡ, ಮಾತ್ರೆಯೇ ಸರಿ ಎಂದು ನಾನು ಹೇಳುತ್ತಿಲ್ಲ. ಬರೆದವರು ಯಾವುದನ್ನು ಆರಿಸಿದರೂ ನನಗೆ ಅಡ್ಡಿಯಿಲ್ಲ. ಆರಿಸಿದ್ದು ಯಾರಿಗೆ ತಲುಪುತ್ತದೆ, ತಲುಪಿದವರಲ್ಲಿ ಎಷ್ಟು ಕೆಲಸ ಮಾಡುತ್ತದೆ, ಯಾರಿಗೆ ತೊಂದರೆ ಮಾಡೀತು ಎಂಬುದನ್ನು ತೋರಿಸಿರಬೇಕು. ಮತ್ತೆಮತ್ತೆ ರಕ್ತ ಹಾಕಿಸಿಕೊಳ್ಳುವ ಥಲಸ್ಸೇಮಿಯಾ ರೋಗಿಯ ಮೈಯಲ್ಲಿ ಕಬ್ಬಿಣ ಆಗಲೇ ಹೆಚ್ಚಿರುತ್ತದೆ. ಆ ಒಂದು ಸಾಲು ಬಿಟ್ಟ ಪ್ರಬಂಧಕ್ಕೆ ನಾನು ಅಂಕ ಕಳೆಯುತ್ತೇನೆ.

ಕೊನೆಯದಾಗಿ ನೋಡುವುದು, ಊಹೆ ತಪ್ಪಿದರೆ ಏನಾಗುತ್ತದೆ ಎಂದು ಬರೆದವರೇ ಕೇಳಿಕೊಂಡಿದ್ದಾರೆಯೇ ಎಂಬುದನ್ನು. ಮೇಲಿನ ಲೆಕ್ಕದಲ್ಲಿ ಕಬ್ಬಿಣದ ಪಾಲನ್ನು ಅರ್ಧದ ಬದಲು ಮೂರನೇ ಒಂದು ಎಂದು ಹಿಡಿದರೆ 665 ಇದ್ದದ್ದು ಸುಮಾರು 440ಕ್ಕೆ ಇಳಿಯುತ್ತದೆ. ಆಗ ಮಾತ್ರೆಗೆ ಹಣ ಸುರಿಯುವ ಮೊದಲು ಕೆಲವು ಊರುಗಳನ್ನು ಚೀಟಿ ಎತ್ತಿ ಆರಿಸಿ, ಅಲ್ಲಿನ ಮಹಿಳೆಯರ ರಕ್ತನಾಳದಿಂದ ರಕ್ತ ತೆಗೆದು ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್, ಬಿ12 ಎರಡನ್ನೂ ನೋಡುವುದು ಮೊದಲ ಕೆಲಸವಾಗುತ್ತದೆ. ಸೋಂಕು ಇದ್ದಾಗ ಫೆರಿಟಿನ್ ತಾನೇ ಏರುವುದರಿಂದ ಸಿಆರ್‌ಪಿ ಪರೀಕ್ಷೆಯನ್ನೂ ಅದರ ಜೊತೆಗೇ ಮಾಡಿಸಬೇಕಾಗುತ್ತದೆ.