ಅಲ್ಪಾವಧಿಯ ಕೆಲಸಗಳೂ ಅರ್ಜಿಯ ಇಮೇಲೂ

ಎರಡು ವರ್ಷಗಳಲ್ಲಿ ಮೂರು ಕೆಲಸ ಬಿಟ್ಟವನ ಅರ್ಜಿಯನ್ನು ಕಂಡೊಡನೆ ಏಳುವ ಸಂದೇಹ ಒಂದೇ: ‘ಇವನು ನಮ್ಮಲ್ಲಿಯಾದರೂ ನಿಲ್ಲುವನೆ?’ ರೆಸ್ಯೂಮೆಯೊಡನೆ ಕಳುಹಿಸುವ ಇಮೇಲು ಇದಕ್ಕೆ ಉತ್ತರ ಕೊಡಬೇಕು.

ನನ್ನ ಗೆಳೆಯನೊಬ್ಬನು ಬಟ್ಟೆಯಂಗಡಿಯಲ್ಲಿ 6 ತಿಂಗಳು ಬಿಲ್ಲು ಬರೆದನು. ಗೋದಾಮಿನಲ್ಲಿ 8 ತಿಂಗಳು ದಾಸ್ತಾನಿನ ಲೆಕ್ಕವಿಟ್ಟನು. ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ 9 ತಿಂಗಳು ವ್ಯಾಪಾರಿಗಳ ಜಿ.ಎಸ್.ಟಿ. ಲೆಕ್ಕವನ್ನು ಸಿದ್ಧಪಡಿಸಿದನು. ಮೊದಲ ಇಮೇಲಿನಲ್ಲಿ ಒಂದೊಂದನ್ನೂ ಬಿಟ್ಟ ಕಾರಣವನ್ನೇ ಬರೆದನು. ಅದು ದೂರುಗಳ ಪಟ್ಟಿಯಂತಾಯಿತು.

ತಿದ್ದಿ ಬರೆದುದು ಹೀಗೆ: “ಬಿಲ್ಲು ಬರೆಯುವಾಗ ಸರಕಿನ ದರ, ತೆರಿಗೆಗಳು ತಿಳಿದವು. ಆ ತಿಳಿವಿನಿಂದ ದಾಸ್ತಾನಿನ ಹೊಣೆ ದೊರೆಯಿತು. ಅದು 8 ತಿಂಗಳ ಕರಾರಿನ ಕೆಲಸ. ಬಳಿಕ ತೆರಿಗೆಯ ಲೆಕ್ಕ ಕಲಿತೆ. ಇನ್ನು ಒಂದೇ ಸಂಸ್ಥೆಯ ಲೆಕ್ಕವನ್ನು ವರ್ಷವರ್ಷವೂ ನೋಡಿಕೊಳ್ಳಬಯಸುತ್ತೇನೆ; ತಮ್ಮ ಹುದ್ದೆ ಅಂಥದು.”

ಈ ಏರಿಕೆ ನಿಜವೆ ಎಂದು ತಿಳಿಯಲು ಸಂಸ್ಥೆಗಳ ಹೆಸರನ್ನು ಮರೆಮಾಡಿ ಕೆಲಸಗಳನ್ನಷ್ಟೇ ಓದಬೇಕು. ಹೊಣೆ ಹೆಚ್ಚುತ್ತ ಹೋದರೆ ಸರಿ. ಹೆಚ್ಚದ ಕೆಲಸವೊಂದಿದ್ದರೆ ಅದನ್ನು ಬೆಳವಣಿಗೆಯೆಂದು ಬಣ್ಣಿಸದೆ, ‘ಮನೆಯ ಖರ್ಚಿಗಾಗಿ ಮಾಡಿದೆ’ ಎನ್ನುವುದೇ ಲೇಸು. ಬರೆದ ತಿಂಗಳುಗಳು ಹಿಂದಿನ ಮಾಲೀಕರು ಕೊಟ್ಟ ಬಿಡುಗಡೆ ಪತ್ರಕ್ಕೆ ತಾಳೆಯಾಗದಿದ್ದರೆ ಯಾವ ವಿವರಣೆಯೂ ನಿಲ್ಲದು.